ಎರಡು ಬ್ಯಾಲೆನ್ಸ್ ಶೀಟ್ ಕೊಟ್ಟು ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಮಾಡಿ ಅಂದರೆ ಎಲ್ಲಿಂದ ಶುರು ಮಾಡಬೇಕು?

ಬಿ.ಕಾಂ ಓದುವವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಕೊಟ್ಟಿದ್ದಾರೆ, ಕೆಳಗೆ ನಾಲ್ಕೈದು ಹೆಚ್ಚುವರಿ ಮಾಹಿತಿ ಇದೆ. ಲಾಭ-ನಷ್ಟದ ಖಾತೆ ಕೊಟ್ಟೇ ಇಲ್ಲ. ಹಾಗಿದ್ರೆ ಲಾಭ ಎಲ್ಲಿಂದ ತರೋದು?" ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಕೊನೆಗೆ ಟ್ಯಾಲಿ ಆಯ್ತು, ಆದ್ರೂ ಮಾರ್ಕ್ಸ್ ಕಟ್ ಮಾಡಿದ್ದಾರೆ. ಯಾಕೆ?"

ಎರಡಕ್ಕೂ ಒಂದೇ ಲೆಕ್ಕ ಇಟ್ಟುಕೊಂಡು ಉತ್ತರ ಹೇಳುತ್ತೇನೆ. ಪರೋಕ್ಷ ವಿಧಾನ ಮಾತ್ರ ತೆಗೆದುಕೊಂಡಿದ್ದೇನೆ. ಅಂದರೆ ಲಾಭದಿಂದ ಶುರು ಮಾಡಿ ನಗದಿನ ಕಡೆಗೆ ಬರುವ ದಾರಿ. ಬರೀ ಎರಡು ಬ್ಯಾಲೆನ್ಸ್ ಶೀಟ್ ಕೊಟ್ಟಾಗ ಹೋಗಲು ಆಗುವುದೂ ಇದೊಂದೇ ದಾರಿ, ಯಾಕೆಂದರೆ ಮಾರಾಟ ಎಷ್ಟು, ಖರೀದಿ ಎಷ್ಟು ಎನ್ನುವುದು ನಮಗೆ ಗೊತ್ತೇ ಇರುವುದಿಲ್ಲ. ನಿಯಮಗಳು ನಮ್ಮ ದೇಶದ ಎಎಸ್-3 ಲೆಕ್ಕಪತ್ರ ಮಾನದಂಡದವು. ಕಾಲೇಜಿನ ಅಸೈನ್‌ಮೆಂಟ್‌ಗಳು ಸಾಮಾನ್ಯವಾಗಿ ಇದನ್ನೇ ಹಿಡಿದು ಹೋಗುತ್ತವೆ.

ಕೈಗೆ ಬೇಕಾದ್ದು ಒಂದು ಪೆನ್ಸಿಲ್, ಒಂದು ಕ್ಯಾಲ್ಕುಲೇಟರ್, ಮತ್ತು ಉತ್ತರ ಬರೆಯುವ ಹಾಳೆಯಲ್ಲದೆ ಇನ್ನೊಂದು ಖಾಲಿ ಹಾಳೆ. ಆ ಖಾಲಿ ಹಾಳೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯುತ್ತದೆ.

ನಮ್ಮ ಲೆಕ್ಕ

ಒಂದು ಸಣ್ಣ ತಯಾರಿಕಾ ಕಂಪನಿ ಅಂದುಕೊಳ್ಳಿ. ಅಂಕಿಗಳನ್ನು ನಾನೇ ಹೊಂದಿಸಿದ್ದೇನೆ. ಎಲ್ಲವೂ ರೂಪಾಯಿಯಲ್ಲಿ, ಮಾರ್ಚ್ 31ಕ್ಕೆ ಇದ್ದಂತೆ.

| ವಿವರ | 2023 | 2024 |
|---|---|---|
| ಷೇರು ಬಂಡವಾಳ | 5,00,000 | 6,00,000 |
| ಸಾಮಾನ್ಯ ಮೀಸಲು | 50,000 | 70,000 |
| ಲಾಭ-ನಷ್ಟದ ಖಾತೆಯ ಶಿಲ್ಕು | 90,000 | 1,50,000 |
| 10% ಡಿಬೆಂಚರುಗಳು | 1,50,000 | 1,00,000 |
| ಕ್ರೆಡಿಟರ್ಸ್ | 70,000 | 85,000 |
| ಕೊಡಬೇಕಾದ ಖರ್ಚು | 12,000 | 8,000 |
| ತೆರಿಗೆಗೆ ಏರ್ಪಾಡು | 38,000 | 45,000 |
| ಒಟ್ಟು | 9,10,000 | 10,58,000 |
| ಯಂತ್ರ (ಸವಕಳಿ ಕಳೆದು) | 5,60,000 | 6,80,000 |
| ಸರಕು ದಾಸ್ತಾನು | 1,10,000 | 1,40,000 |
| ಡೆಟರ್ಸ್ | 1,80,000 | 1,65,000 |
| ನಗದು ಮತ್ತು ಬ್ಯಾಂಕ್ | 60,000 | 73,000 |
| ಒಟ್ಟು | 9,10,000 | 10,58,000 |

ಹೆಚ್ಚುವರಿ ಮಾಹಿತಿ ಹೀಗಿದೆ. ಈ ವರ್ಷ ಯಂತ್ರದ ಮೇಲೆ ಹಾಕಿದ ಸವಕಳಿ 70,000. ಪುಸ್ತಕದಲ್ಲಿ 30,000 ಬೆಲೆ ಇದ್ದ ಒಂದು ಯಂತ್ರವನ್ನು 24,000ಕ್ಕೆ ಮಾರಿದ್ದಾರೆ. ಈ ವರ್ಷದ ತೆರಿಗೆಗೆಂದು 42,000 ತೆಗೆದಿಟ್ಟಿದ್ದಾರೆ. ಡಿಬೆಂಚರುಗಳನ್ನು ವಾಪಸ್ ಕೊಟ್ಟಿದ್ದು ವರ್ಷದ ಕೊನೆಯ ದಿನ. ಪ್ರಸ್ತಾವಿತ ಲಾಭಾಂಶ, ಅಂದರೆ ಷೇರುದಾರರಿಗೆ ಕೊಡೋಣ ಎಂದು ನಿರ್ದೇಶಕರು ಸೂಚಿಸಿದ ಮೊತ್ತ, 2022-23ಕ್ಕೆ 50,000, 2023-24ಕ್ಕೆ 60,000. ಮೊದಲನೆಯದಕ್ಕೆ ವಾರ್ಷಿಕ ಸಭೆಯ ಒಪ್ಪಿಗೆ ಸಿಕ್ಕಿ ಹಣ ಪಾವತಿಯಾಗಿದೆ.

ಪದಗಳ ಬಗ್ಗೆ ಒಂದು ಮಾತು. ಡೆಟರ್ಸ್ ಎಂದರೆ ನಮಗೆ ಹಣ ಕೊಡಬೇಕಾದ ಗಿರಾಕಿಗಳು, ಕ್ರೆಡಿಟರ್ಸ್ ಎಂದರೆ ನಾವು ಹಣ ಕೊಡಬೇಕಾದ ಸರಕಿನವರು. ನಿಮ್ಮ ಪ್ರಶ್ನೆಯಲ್ಲಿ ಇವು ಟ್ರೇಡ್ ರಿಸೀವಬಲ್ಸ್, ಟ್ರೇಡ್ ಪೇಯಬಲ್ಸ್ ಎಂದು ಇರಬಹುದು. ಸವಕಳಿ ಎಂದರೆ ಡಿಪ್ರಿಸಿಯೇಶನ್. ಡಿಬೆಂಚರ್ ಎಂದರೆ ಕಂಪನಿ ಜನರಿಂದ ಬಡ್ಡಿಗೆ ತಂದ ಸಾಲದ ಪತ್ರ.

ಹಂತ 1: ಮೊದಲು ಉತ್ತರ ನೋಡಿಕೊಳ್ಳಿ

ಈ ಲೆಕ್ಕದ ಉತ್ತರ ಪ್ರಶ್ನೆಯಲ್ಲೇ ಇದೆ. ನಗದು 60,000 ಇದ್ದದ್ದು 73,000 ಆಗಿದೆ. ಅಂದರೆ 13,000 ಹೆಚ್ಚಾಗಿದೆ. ಇದನ್ನು ಹಾಳೆಯ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಆ 13,000 ಹೇಗೆ ಬಂತು ಎಂದು ವಿವರಿಸುವುದಷ್ಟೇ ನಮ್ಮ ಕೆಲಸ.

ಇಲ್ಲಿ ನಗದು ಎಂದರೆ ಏನೆಲ್ಲ ಎಂದು ಒಂದು ಕ್ಷಣ ನೋಡಿ. ಕೈಯಲ್ಲಿರುವ ಹಣ, ಬ್ಯಾಂಕಿನ ಹಣ, ಜೊತೆಗೆ ನಗದಿಗೆ ಸಮಾನವಾದವು. ಕೊಂಡ ದಿನದಿಂದ ಮೂರು ತಿಂಗಳೊಳಗೆ ಕೈಗೆ ಬರುವ, ಬೆಲೆ ಏರಿಳಿತದ ಭಯ ಇಲ್ಲದ ಹೂಡಿಕೆಗಳನ್ನು ಹಾಗೆ ಕರೆಯುತ್ತಾರೆ. ಪ್ರಶ್ನೆಯಲ್ಲಿ ಅಂಥದ್ದು ಇದ್ದರೆ ಎರಡೂ ವರ್ಷದ ನಗದಿಗೆ ಸೇರಿಸಿ. ಬ್ಯಾಂಕ್ ಓವರ್‌ಡ್ರಾಫ್ಟ್ ಇದ್ದರೆ ಅದನ್ನು ನಗದಿನಿಂದ ಕಳೆಯಬೇಡಿ. ನಮ್ಮ ಪಠ್ಯಕ್ರಮದಲ್ಲಿ ಅದು ಸಾಲ, ಅದರ ಜಾಗ ಹಣಕಾಸು ಚಟುವಟಿಕೆ.

ಹಂತ 2: ಪ್ರತಿ ಸಾಲಿನ ಮುಂದೆ ವ್ಯತ್ಯಾಸ ಮತ್ತು ಜಾಗ

ಬ್ಯಾಲೆನ್ಸ್ ಶೀಟಿನ ಬಲಕ್ಕೆ ಪೆನ್ಸಿಲ್‌ನಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಎಷ್ಟು ಏರಿತು ಅಥವಾ ಇಳಿಯಿತು, ಇನ್ನೊಂದರಲ್ಲಿ ಅದು ಎಲ್ಲಿಗೆ ಹೋಗುತ್ತದೆ.

ಹೋಗುವ ಜಾಗ ಮೂರೇ. ದಿನನಿತ್ಯದ ವ್ಯಾಪಾರದಿಂದ ಬಂದುಹೋದ ಹಣ ಕಾರ್ಯಾಚರಣೆ ಚಟುವಟಿಕೆಗೆ. ಯಂತ್ರ, ಕಟ್ಟಡ, ಹೂಡಿಕೆ ಕೊಂಡಿದ್ದು ಮಾರಿದ್ದು ಹೂಡಿಕೆ ಚಟುವಟಿಕೆಗೆ. ಷೇರುದಾರರಿಂದ ಮತ್ತು ಸಾಲ ಕೊಟ್ಟವರಿಂದ ಬಂದದ್ದು, ಅವರಿಗೆ ವಾಪಸ್ ಹೋದದ್ದು ಹಣಕಾಸು ಚಟುವಟಿಕೆಗೆ. ಕಾ, ಹೂ, ಹ ಎಂದು ಬರೆದುಕೊಂಡರೆ ಸಾಕು.

ನಮ್ಮ ಲೆಕ್ಕದಲ್ಲಿ ಷೇರು ಬಂಡವಾಳ 1,00,000 ಏರಿದೆ, ಹ. ಡಿಬೆಂಚರು 50,000 ಇಳಿದಿದೆ, ಹ. ದಾಸ್ತಾನು 30,000 ಏರಿದೆ, ಡೆಟರ್ಸ್ 15,000 ಇಳಿದಿದೆ, ಕ್ರೆಡಿಟರ್ಸ್ 15,000 ಏರಿದೆ, ಕೊಡಬೇಕಾದ ಖರ್ಚು 4,000 ಇಳಿದಿದೆ, ನಾಲ್ಕೂ ಕಾ.

ಉಳಿದದ್ದು ಯಂತ್ರ, ತೆರಿಗೆಯ ಏರ್ಪಾಡು, ಎರಡು ಮೀಸಲು. ಇವುಗಳ ಮುಂದೆ ನಕ್ಷತ್ರ ಹಾಕಿ. ಇವುಗಳ ವ್ಯತ್ಯಾಸವನ್ನು ನೇರವಾಗಿ ಬಳಸುವ ಹಾಗಿಲ್ಲ. ಯಂತ್ರ 1,20,000 ಏರಿದೆ ನಿಜ, ಆದರೆ ಒಂದನ್ನು ಮಾರಿ, ಇನ್ನೊಂದನ್ನು ಕೊಂಡು, ಮೇಲೆ ಸವಕಳಿಯನ್ನೂ ಕಳೆದ ಮೇಲೆ ಉಳಿದ ನಿವ್ವಳ ವ್ಯತ್ಯಾಸ ಅದು. ಒಳಗೆ ಏನೇನು ನಡೆದಿದೆ ಎಂದು ಬಿಡಿಸಿ ನೋಡಬೇಕು. ಹೆಚ್ಚುವರಿ ಮಾಹಿತಿ ಕೊಟ್ಟಿರುವುದೇ ಈ ಬಿಡಿಸುವ ಕೆಲಸಕ್ಕೆ.

ಹಂತ 3: ನಕ್ಷತ್ರ ಹಾಕಿದ್ದಕ್ಕೆ ಖಾತೆ ತೆರೆಯಿರಿ

ಖಾಲಿ ಹಾಳೆ ಈಗ ಬೇಕು. ಮೊದಲು ಯಂತ್ರದ ಖಾತೆ.

ಎಡಗಡೆ, ಅಂದರೆ ಡೆಬಿಟ್ ಕಡೆ, ವರ್ಷದ ಆರಂಭದ ಶಿಲ್ಕು 5,60,000 ಬರೆಯಿರಿ. ಬಲಗಡೆ ವರ್ಷದ ಕೊನೆಯ ಶಿಲ್ಕು 6,80,000, ಸವಕಳಿ 70,000, ಮಾರಿದ ಯಂತ್ರ 30,000. ಬಲಗಡೆಯ ಮೊತ್ತ 7,80,000. ಎಡಗಡೆಯೂ ಅಷ್ಟೇ ಆಗಬೇಕಾದರೆ ಇನ್ನೂ 2,20,000 ಬೇಕು. ಅದೇ ಈ ವರ್ಷ ಕೊಂಡ ಹೊಸ ಯಂತ್ರ. ಪ್ರಶ್ನೆಯಲ್ಲಿ ಎಲ್ಲೂ ಬರೆದಿರಲಿಲ್ಲ, ಖಾತೆ ಹೇಳಿತು.

ಮಾರಿದ ಯಂತ್ರಕ್ಕೆ 30,000 ಬರೆದಿದ್ದೇವೆ, 24,000 ಅಲ್ಲ. ಖಾತೆಯಿಂದ ಹೊರಗೆ ಹೋಗಿದ್ದು 30,000 ಬೆಲೆಯ ವಸ್ತು. ಅದರಲ್ಲಿ 24,000 ಬ್ಯಾಂಕಿಗೆ ಬಂತು, 6,000 ನಷ್ಟವಾಗಿ ಲಾಭ-ನಷ್ಟದ ಖಾತೆಗೆ ಹೋಯಿತು. ಖಾತೆಯಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದರೆ ನೋಡುವವರಿಗೆ ಸ್ಪಷ್ಟ.

ಕೆಲವು ಪ್ರಶ್ನೆಗಳಲ್ಲಿ ಯಂತ್ರವನ್ನು ಕೊಂಡ ಬೆಲೆಯಲ್ಲೇ ತೋರಿಸಿ, ಇಷ್ಟು ವರ್ಷದ ಒಟ್ಟು ಸವಕಳಿಯನ್ನು ಬೇರೆ ಸಾಲಿನಲ್ಲಿ ಕೊಟ್ಟಿರುತ್ತಾರೆ. ಆಗ ಎರಡು ಖಾತೆ ತೆರೆಯಬೇಕು. ನಾವು ಮಾರಿದ ಯಂತ್ರವನ್ನು ಹಿಂದೆ 80,000 ಕೊಟ್ಟು ತಂದಿದ್ದು, ಅದರ ಮೇಲೆ 50,000 ಸವಕಳಿ ಸೇರಿತ್ತು ಅಂದುಕೊಳ್ಳಿ. ಯಂತ್ರದ ಖಾತೆಯಿಂದ 80,000 ಹೊರಗೆ ಹೋಗುತ್ತದೆ, ಒಟ್ಟು ಸವಕಳಿಯ ಖಾತೆಯಿಂದ 50,000 ಹೊರಗೆ ಹೋಗುತ್ತದೆ. ಈ ವರ್ಷದ 70,000 ಸವಕಳಿ ಯಂತ್ರದ ಖಾತೆಗೆ ಬರುವುದೇ ಇಲ್ಲ, ಎರಡನೆಯ ಖಾತೆಗೆ ಮಾತ್ರ. ಎರಡನ್ನೂ ಒಂದೇ ಖಾತೆಯಲ್ಲಿ ಕಲಸಿದರೆ ಖರೀದಿಯ ಅಂಕಿ ಕೆಡುತ್ತದೆ.

ಈಗ ತೆರಿಗೆಯ ಏರ್ಪಾಡು. ಏರ್ಪಾಡು ಎಂದರೆ ಇಷ್ಟು ತೆರಿಗೆ ಕಟ್ಟಬೇಕಾಗುತ್ತದೆ ಎಂದು ಲಾಭದಿಂದ ತೆಗೆದಿಟ್ಟದ್ದು. ಆರಂಭದಲ್ಲಿ 38,000 ಇತ್ತು, ಈ ವರ್ಷ 42,000 ಸೇರಿತು, ಒಟ್ಟು 80,000. ಕೊನೆಗೆ ಉಳಿದದ್ದು 45,000. ಹಾಗಾದರೆ 35,000 ಕಟ್ಟಿದ್ದಾರೆ. ಈಗ ನಿಮ್ಮ ಬಳಿ ಎರಡು ಅಂಕಿ ಇವೆ, ಎರಡರ ಕೆಲಸವೂ ಬೇರೆ. 42,000 ಲಾಭ ಲೆಕ್ಕ ಹಾಕುವಾಗ ಬೇಕು, 35,000 ನಗದು ಲೆಕ್ಕ ಹಾಕುವಾಗ ಬೇಕು.

ಪ್ರಶ್ನೆಯಲ್ಲಿ ತೆರಿಗೆಯ ಬಗ್ಗೆ ಯಾವ ಮಾಹಿತಿಯನ್ನೂ ಕೊಟ್ಟಿಲ್ಲ ಅಂದರೆ? ಹಳೆಯ ಏರ್ಪಾಡನ್ನು ಪೂರ್ತಿ ಕಟ್ಟಿದ್ದಾರೆ, ಹೊಸದನ್ನು ಪೂರ್ತಿ ಈ ವರ್ಷ ತೆಗೆದಿಟ್ಟಿದ್ದಾರೆ ಎಂದು ಹಿಡಿಯುವುದು ರೂಢಿ. ಹಾಗೆ ಹಿಡಿದಿದ್ದೀರಿ ಎಂದು ಉತ್ತರದ ಕೆಳಗೆ ಒಂದು ಸಾಲು ಬರೆಯಿರಿ.

ಹಂತ 4: ಲಾಭವನ್ನು ಹಿಂದಕ್ಕೆ ಕಟ್ಟಿಕೊಂಡು ಬನ್ನಿ

"ಲಾಭ ಎಲ್ಲಿಂದ ತರೋದು?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಲಾಭ-ನಷ್ಟದ ಖಾತೆಯ ಶಿಲ್ಕು 90,000 ಇದ್ದದ್ದು 1,50,000 ಆಗಿದೆ, 60,000 ಏರಿದೆ. ಆದರೆ ಕಂಪನಿ ಗಳಿಸಿದ್ದು ಬರೀ 60,000 ಅಲ್ಲ. ಗಳಿಸಿದ್ದರಲ್ಲಿ ಅಲ್ಲಿ ಇಲ್ಲಿ ಹಂಚಿ, ಕೊನೆಗೆ ಉಳಿದದ್ದು 60,000. ಹಂಚಿದ್ದನ್ನೆಲ್ಲ ವಾಪಸ್ ಸೇರಿಸಿದರೆ ಮೂಲ ಲಾಭ ಸಿಗುತ್ತದೆ.

ಸಾಮಾನ್ಯ ಮೀಸಲು 20,000 ಏರಿದೆ. ಅದು ಲಾಭದಿಂದ ಎತ್ತಿಟ್ಟದ್ದು, ಸೇರಿಸಿ. ಲಾಭಾಂಶ 50,000 ಕೊಟ್ಟಿದ್ದಾರೆ, ಸೇರಿಸಿ. ಇಲ್ಲಿಗೆ 1,30,000. ಇದು ತೆರಿಗೆ ಕಳೆದ ಮೇಲಿನ ಲಾಭ. ತೆರಿಗೆಗೆ ತೆಗೆದಿಟ್ಟ 42,000 ಸೇರಿಸಿದರೆ 1,72,000. ಇದೇ ತೆರಿಗೆಗೆ ಮುಂಚಿನ ಲಾಭ. ನಿಮ್ಮ ಸ್ಟೇಟ್‌ಮೆಂಟಿನ ಮೊದಲ ಸಾಲು.

ಲಾಭಾಂಶದಲ್ಲಿ ಎಡವುವವರು ಬಹಳ. ಎರಡು ಅಂಕಿ ಕೊಟ್ಟಿದ್ದಾರೆ, 50,000 ಮತ್ತು 60,000. ಯಾವುದು ತೆಗೆದುಕೊಳ್ಳೋದು? ಕಳೆದ ವರ್ಷ ಪ್ರಸ್ತಾಪವಾದದ್ದು ಈ ವರ್ಷದ ಸಭೆಯಲ್ಲಿ ಒಪ್ಪಿಗೆಯಾಗಿ ಈ ವರ್ಷ ಪಾವತಿಯಾಗುತ್ತದೆ. ಹಾಗಾಗಿ 50,000. ಈ ವರ್ಷದ ಪ್ರಸ್ತಾಪ 60,000 ಇನ್ನೂ ಬರೀ ಪ್ರಸ್ತಾಪ. ಲಾಭದಿಂದ ಅದನ್ನು ಕಳೆದಿಲ್ಲ, ಹಣವೂ ಹೋಗಿಲ್ಲ. ನಮ್ಮ ಸ್ಟೇಟ್‌ಮೆಂಟಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಲೈಬ್ರರಿಯ ಹಳೆಯ ಪುಸ್ತಕ ನೋಡಿ ಮಾಡುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಪ್ರಸ್ತಾವಿತ ಲಾಭಾಂಶವನ್ನು ಬ್ಯಾಲೆನ್ಸ್ ಶೀಟಿನಲ್ಲೇ ಹೊಣೆಯಾಗಿ ತೋರಿಸಿರುತ್ತಾರೆ, ಈ ವರ್ಷದ್ದನ್ನು ಲಾಭಕ್ಕೆ ಸೇರಿಸಿ ಹಳೆಯದನ್ನು ಪಾವತಿ ಎಂದು ಬರೆದಿರುತ್ತಾರೆ. ಆಗಿನ ನಿಯಮಕ್ಕೆ ಅದು ಸರಿ. 2016ರಲ್ಲಿ ಎಎಸ್-4 ತಿದ್ದುಪಡಿಯಾದ ಮೇಲೆ ಪ್ರಸ್ತಾವಿತ ಲಾಭಾಂಶ ಬ್ಯಾಲೆನ್ಸ್ ಶೀಟಿನ ಒಳಗೆ ಬರುವುದಿಲ್ಲ, ಟಿಪ್ಪಣಿಯಲ್ಲಿ ಮಾತ್ರ ಬರುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿ ಅದು ಎಲ್ಲಿದೆ ಎಂದು ಮೊದಲು ನೋಡಿ. ಶೀಟಿನ ಒಳಗಿದ್ದರೆ ಹಳೆಯ ದಾರಿ, ಟಿಪ್ಪಣಿಯಲ್ಲಿದ್ದರೆ ಹೊಸ ದಾರಿ.

ಹಂತ 5: ಲಾಭದಿಂದ ಕಾರ್ಯಾಚರಣೆಯ ನಗದಿಗೆ

1,72,000 ಲಾಭ ಇದೆ, ಆದರೆ ಅಷ್ಟು ಹಣ ಬಂದಿಲ್ಲ. ಎರಡು ಸುತ್ತು ಸರಿಪಡಿಸಬೇಕು.

ಮೊದಲ ಸುತ್ತಿನಲ್ಲಿ ನಗದು ಅಲ್ಲದ್ದನ್ನೂ, ಬೇರೆ ಜಾಗಕ್ಕೆ ಸೇರಿದ್ದನ್ನೂ ಹೊರಗೆ ತೆಗೆಯುತ್ತೇವೆ. ಸವಕಳಿ 70,000 ಲಾಭವನ್ನು ತಗ್ಗಿಸಿದೆ, ಆದರೆ ಯಾರ ಕೈಗೂ ಹಣ ಹೋಗಿಲ್ಲ. ವಾಪಸ್ ಸೇರಿಸಿ. ಯಂತ್ರ ಮಾರಿದ ನಷ್ಟ 6,000 ಕೂಡ ಹಾಗೇ, ಸೇರಿಸಿ. ಒಂದು ವೇಳೆ ಲಾಭಕ್ಕೆ ಮಾರಿದ್ದರೆ ಆ ಲಾಭವನ್ನು ಕಳೆಯಬೇಕಿತ್ತು, ಯಾಕೆಂದರೆ ಮಾರಾಟದ ಪೂರ್ತಿ ಹಣವನ್ನು ಹೂಡಿಕೆ ಚಟುವಟಿಕೆಯಲ್ಲಿ ಹೇಗೂ ತೋರಿಸುತ್ತೇವೆ.

ಆಮೇಲೆ ಬಡ್ಡಿ. ಇದನ್ನು ಪ್ರಶ್ನೆಯಲ್ಲಿ ಹೇಳಿರುವುದೇ ಇಲ್ಲ. "10% ಡಿಬೆಂಚರು" ಎಂಬ ಎರಡು ಪದದಲ್ಲಿ ಅಡಗಿ ಕೂತಿರುತ್ತದೆ. ವಾಪಸ್ ಕೊಟ್ಟದ್ದು ವರ್ಷದ ಕೊನೆಯ ದಿನವಾದ್ದರಿಂದ ಇಡೀ ವರ್ಷ 1,50,000 ಸಾಲ ಇತ್ತು. ಬಡ್ಡಿ 15,000. ವರ್ಷದ ಮೊದಲ ದಿನವೇ ಕೊಟ್ಟಿದ್ದರೆ 1,00,000ದ ಮೇಲೆ 10,000 ಆಗುತ್ತಿತ್ತು. ಈ 15,000 ಲಾಭದಿಂದ ಕಳೆದುಹೋಗಿದೆ, ಹಣವೂ ನಿಜವಾಗಿ ಹೋಗಿದೆ. ಆದರೆ ಬ್ಯಾಂಕಿನಂಥ ಹಣಕಾಸು ಸಂಸ್ಥೆ ಅಲ್ಲದ ಕಂಪನಿಗೆ ಕೊಟ್ಟ ಬಡ್ಡಿಯ ಜಾಗ ಹಣಕಾಸು ಚಟುವಟಿಕೆ ಎಂದು ಎಎಸ್-3 ಹೇಳುತ್ತದೆ. ಅಲ್ಲಿ ತೋರಿಸಬೇಕಾದ್ದರಿಂದ ಇಲ್ಲಿ ವಾಪಸ್ ಸೇರಿಸಬೇಕು. ಇಲ್ಲದಿದ್ದರೆ ಒಂದೇ ಬಡ್ಡಿಯನ್ನು ಎರಡು ಸಲ ಕಳೆದ ಹಾಗಾಗುತ್ತದೆ, ಅಲ್ವಾ?

1,72,000 + 70,000 + 6,000 + 15,000 ಸೇರಿ 2,63,000. ಇದಕ್ಕೆ ದುಡಿಯುವ ಬಂಡವಾಳದ ಬದಲಾವಣೆಗೆ ಮುಂಚಿನ ಕಾರ್ಯಾಚರಣೆ ಲಾಭ ಎಂದು ಹೆಸರು.

ಎರಡನೆಯ ಸುತ್ತು ದುಡಿಯುವ ಬಂಡವಾಳ, ಅಂದರೆ ವರ್ಕಿಂಗ್ ಕ್ಯಾಪಿಟಲ್. ಆಸ್ತಿ ಏರಿದರೆ ಕಳೆಯಿರಿ, ಹೊಣೆ ಏರಿದರೆ ಕೂಡಿಸಿ ಎಂಬ ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಉಲ್ಟಾ ಆಗುತ್ತದೆ. ಒಂದೊಂದನ್ನೂ ಒಂದು ಅಂಗಡಿಯಲ್ಲಿ ಇಟ್ಟು ನೋಡಿ. ದಾಸ್ತಾನು 30,000 ಏರಿತು ಅಂದರೆ ಅಷ್ಟು ದುಡ್ಡು ಗೋಡೌನಿನಲ್ಲಿ ಸರಕಾಗಿ ಕೂತಿದೆ, ಗಲ್ಲಾಪೆಟ್ಟಿಗೆಯಲ್ಲಿ ಇಲ್ಲ. ಕಳೆಯಿರಿ. ಡೆಟರ್ಸ್ 15,000 ಇಳಿದರು ಅಂದರೆ ಈ ವರ್ಷ ಮಾಡಿದ ವ್ಯಾಪಾರಕ್ಕಿಂತ 15,000 ಜಾಸ್ತಿ ವಸೂಲಾಗಿದೆ, ಹಳೇ ಬಾಕಿ ಬಂದಿದೆ. ಕೂಡಿಸಿ. ಕ್ರೆಡಿಟರ್ಸ್ 15,000 ಏರಿದರು, ಅಂದರೆ ಸರಕು ಬಂತು, ದುಡ್ಡು ಇನ್ನೂ ಕೊಟ್ಟಿಲ್ಲ. ಕೂಡಿಸಿ. ಕೊಡಬೇಕಾದ ಖರ್ಚು 4,000 ಇಳಿಯಿತು, ಹಳೇ ಬಾಕಿಯನ್ನು ತೀರಿಸಿದ್ದಾರೆ. ಕಳೆಯಿರಿ.

ಒಟ್ಟು 4,000 ಕಳೆದು 2,59,000. ಇದರಿಂದ ಕಟ್ಟಿದ ತೆರಿಗೆ 35,000 ಕಳೆದರೆ ಕಾರ್ಯಾಚರಣೆಯ ನಿವ್ವಳ ನಗದು 2,24,000.

ಹಂತ 6: ಹೂಡಿಕೆ ಚಟುವಟಿಕೆ

ಹಂತ 3ರಲ್ಲಿ ಕಷ್ಟಪಟ್ಟಿದ್ದರಿಂದ ಇಲ್ಲಿ ಎರಡೇ ಸಾಲು. ಹೊಸ ಯಂತ್ರಕ್ಕೆ 2,20,000 ಹೋಯಿತು, ಹಳೆಯದರಿಂದ 24,000 ಬಂತು. ನಿವ್ವಳ 1,96,000 ಹೊರಗೆ. ಎರಡನ್ನೂ ಬೇರೆ ಬೇರೆ ತೋರಿಸಿ. ಸುಮ್ನೆ 1,96,000 ಎಂದು ಒಂದೇ ಸಾಲಿನಲ್ಲಿ ಬರೆದರೆ ಆಗುವುದಿಲ್ಲ.

ಯಂತ್ರ ಕೊಟ್ಟವರಿಗೆ ಹಣದ ಬದಲು ಷೇರು ಕೊಟ್ಟಿದ್ದಾರೆ ಎಂದು ಟಿಪ್ಪಣಿಯಲ್ಲಿ ಇದ್ದರೆ ಹುಷಾರು. ಅಲ್ಲಿ ಹಣ ಕೈ ಬದಲಾಗಿಲ್ಲ. ಖರೀದಿಯ ಮೊತ್ತದಿಂದಲೂ, ಷೇರು ಬಂಡವಾಳದ ಏರಿಕೆಯಿಂದಲೂ ಅಷ್ಟನ್ನು ತೆಗೆದು, ಸ್ಟೇಟ್‌ಮೆಂಟಿನ ಕೆಳಗೆ ಟಿಪ್ಪಣಿಯಾಗಿ ಬರೆಯಬೇಕು.

ಹಂತ 7: ಹಣಕಾಸು ಚಟುವಟಿಕೆ

ಷೇರಿನಿಂದ 1,00,000 ಬಂತು. ಡಿಬೆಂಚರಿಗೆ 50,000, ಬಡ್ಡಿಗೆ 15,000, ಲಾಭಾಂಶಕ್ಕೆ 50,000 ಹೋಯಿತು. ನಿವ್ವಳ 15,000 ಹೊರಗೆ.

ಹಂತ 8: ಜೋಡಿಸಿ ಬರೆಯುವುದು

ಹೊರಗೆ ಹೋದ ಹಣವನ್ನು ಕಂಸದಲ್ಲಿ ಬರೆಯುವುದು ಪದ್ಧತಿ. ತಲೆಬರಹದಲ್ಲಿ "31 ಮಾರ್ಚ್ 2024ಕ್ಕೆ ಕೊನೆಗೊಂಡ ವರ್ಷದ" ಎಂದು ಇರಲಿ, "31 ಮಾರ್ಚ್ 2024ಕ್ಕೆ ಇದ್ದಂತೆ" ಎಂದಲ್ಲ. ಇದು ಒಂದು ದಿನದ ಚಿತ್ರ ಅಲ್ಲ, ಇಡೀ ವರ್ಷದ ಓಡಾಟ.

| ವಿವರ | ರೂ. |
|---|---|
| ತೆರಿಗೆಗೆ ಮುಂಚಿನ ಲಾಭ | 1,72,000 |
| ಸವಕಳಿ | 70,000 |
| ಯಂತ್ರ ಮಾರಾಟದ ನಷ್ಟ | 6,000 |
| ಡಿಬೆಂಚರು ಬಡ್ಡಿ | 15,000 |
| ದುಡಿಯುವ ಬಂಡವಾಳದ ಬದಲಾವಣೆಗೆ ಮುಂಚೆ | 2,63,000 |
| ದಾಸ್ತಾನಿನ ಏರಿಕೆ | (30,000) |
| ಡೆಟರ್ಸ್ ಇಳಿಕೆ | 15,000 |
| ಕ್ರೆಡಿಟರ್ಸ್ ಏರಿಕೆ | 15,000 |
| ಕೊಡಬೇಕಾದ ಖರ್ಚಿನ ಇಳಿಕೆ | (4,000) |
| ಕಟ್ಟಿದ ತೆರಿಗೆ | (35,000) |
| ಅ. ಕಾರ್ಯಾಚರಣೆಯಿಂದ | 2,24,000 |
| ಯಂತ್ರ ಖರೀದಿ | (2,20,000) |
| ಯಂತ್ರ ಮಾರಾಟ | 24,000 |
| ಆ. ಹೂಡಿಕೆಯಿಂದ | (1,96,000) |
| ಷೇರು ನೀಡಿಕೆ | 1,00,000 |
| ಡಿಬೆಂಚರು ವಾಪಸಾತಿ | (50,000) |
| ಬಡ್ಡಿ ಪಾವತಿ | (15,000) |
| ಲಾಭಾಂಶ ಪಾವತಿ | (50,000) |
| ಇ. ಹಣಕಾಸಿನಿಂದ | (15,000) |
| ನಗದಿನ ನಿವ್ವಳ ಏರಿಕೆ (ಅ+ಆ+ಇ) | 13,000 |
| ಆರಂಭದ ನಗದು | 60,000 |
| ಕೊನೆಯ ನಗದು | 73,000 |

ಟ್ಯಾಲಿ ಆಗದಿದ್ದರೆ

ಮೊದಲಿಂದ ಮತ್ತೆ ಮಾಡಬೇಡಿ. ಎಷ್ಟು ವ್ಯತ್ಯಾಸ ಬರುತ್ತಿದೆ ಎಂದು ನೋಡಿ, ತಪ್ಪು ಎಲ್ಲಿದೆ ಎಂಬುದಕ್ಕೆ ಆ ಅಂಕಿಯೇ ಸುಳಿವು. ವ್ಯತ್ಯಾಸ ಯಾವುದೋ ಒಂದು ಸಾಲಿನ ಅಂಕಿಗೆ ಸಮವಾಗಿದ್ದರೆ ಆ ಸಾಲು ಬಿಟ್ಟುಹೋಗಿದೆ. ಅಂಕಿಯ ಎರಡರಷ್ಟಿದ್ದರೆ ಕೂಡುವುದನ್ನು ಕಳೆದಿದ್ದೀರಿ, ಅಥವಾ ಕಳೆಯುವುದನ್ನು ಕೂಡಿದ್ದೀರಿ.

ನಮ್ಮ ಲೆಕ್ಕದಲ್ಲಿ 60,000 ಜಾಸ್ತಿ ಬಂದರೆ ದಾಸ್ತಾನನ್ನು ಕಳೆಯುವ ಬದಲು ಕೂಡಿಸಿದ್ದೀರಿ. 12,000 ಕಡಿಮೆ ಬಂದರೆ ಯಂತ್ರದ ನಷ್ಟವನ್ನು ಕಳೆದುಬಿಟ್ಟಿದ್ದೀರಿ. 10,000 ಜಾಸ್ತಿ ಬಂದರೆ ಲಾಭಕ್ಕೆ 60,000 ಲಾಭಾಂಶ ಸೇರಿಸಿ ಪಾವತಿಯಲ್ಲಿ 50,000 ತೋರಿಸಿದ್ದೀರಿ. ಕೆಲವು ಸಲ ಇಬ್ಬರು ಅನುಮಾನಿತರು ಇರುತ್ತಾರೆ. 30,000 ಜಾಸ್ತಿ ಬಂದರೆ ದಾಸ್ತಾನು ಬಿಟ್ಟುಹೋಗಿರಬಹುದು. 30,000 ಕಡಿಮೆ ಬಂದರೆ ಡೆಟರ್ಸ್ ಅಥವಾ ಕ್ರೆಡಿಟರ್ಸ್ ಉಲ್ಟಾ ಆಗಿರಬಹುದು. ಹಾಗಾಗಿ ಜಾಸ್ತಿಯೋ ಕಡಿಮೆಯೋ ಎನ್ನುವುದನ್ನೂ ಗಮನಿಸಿ.

ಟ್ಯಾಲಿ ಆದರೂ ತಪ್ಪಿದ್ದರೆ

ಇದು ಜಾಸ್ತಿ ಅಪಾಯದ್ದು. ಓದುವಾಗ ನನಗೂ ಇದೇ ಆಗಿತ್ತು. ಟ್ಯಾಲಿ ಆಯಿತೆಂದು ಖುಷಿಯಾಗಿ ಕೊಟ್ಟ ಉತ್ತರದಲ್ಲಿ ಬಡ್ಡಿಯೇ ಇರಲಿಲ್ಲ. ಇದೇ ಲೆಕ್ಕದಲ್ಲಿ ಬಡ್ಡಿಯನ್ನು ಎರಡೂ ಕಡೆ ಮರೆತು ನೋಡಿ. ಕಾರ್ಯಾಚರಣೆ 2,09,000 ಆಗುತ್ತದೆ, ಹಣಕಾಸು ಸೊನ್ನೆಯಾಗುತ್ತದೆ, ಕೊನೆಗೆ ಮತ್ತೆ ಅದೇ 13,000! ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕಳೆಯುವ ಯಾವುದನ್ನೇ ಆಗಲಿ, ಎರಡೂ ಕಡೆ ಬಿಟ್ಟರೆ ಮೊತ್ತಕ್ಕೆ ಗೊತ್ತೇ ಆಗುವುದಿಲ್ಲ.

ಸವಕಳಿಯೂ ಹೀಗೇ ಮೋಸ ಮಾಡುತ್ತದೆ. ಲಾಭಕ್ಕೆ ಸೇರಿಸುವುದನ್ನು ಮರೆತು, ಯಂತ್ರದ ಖಾತೆಯಲ್ಲೂ ಮರೆತರೆ ಖರೀದಿ 1,50,000 ಎಂದು ಬರುತ್ತದೆ. ಕಾರ್ಯಾಚರಣೆ 1,54,000, ಹೂಡಿಕೆ 1,26,000 ಹೊರಗೆ. ಎರಡೂ ತಪ್ಪು, ಮೊತ್ತ ಮಾತ್ರ ಸರಿ. ಲಾಭಾಂಶವನ್ನು ಎರಡೂ ಕಡೆ 60,000 ಹಾಕಿದರೂ ಅಷ್ಟೇ.

ತೆರಿಗೆಯದ್ದು ಇನ್ನೂ ನಾಜೂಕು. ಏರ್ಪಾಡು 7,000 ಏರಿದೆ ಎಂದು ಅದನ್ನೂ ಕ್ರೆಡಿಟರ್ಸ್ ಜೊತೆಗೆ ಸೇರಿಸಿ, 42,000 ಮತ್ತು 35,000 ಎರಡನ್ನೂ ಬಿಟ್ಟರೆ ಕಾರ್ಯಾಚರಣೆಯ ಮೊತ್ತ ಕೂಡ 2,24,000 ಸರಿಯಾಗೇ ಬರುತ್ತದೆ. ಆದರೆ ತೆರಿಗೆಗೆ ಮುಂಚಿನ ಲಾಭ, ಕಟ್ಟಿದ ತೆರಿಗೆ ಎಂಬ ಎರಡು ಸಾಲು ಸ್ಟೇಟ್‌ಮೆಂಟಿನಲ್ಲಿ ಇರುವುದಿಲ್ಲ. ಕಟ್ಟಿದ ತೆರಿಗೆಯನ್ನು ಬೇರೆಯಾಗಿ ತೋರಿಸಲೇಬೇಕು ಎಂದು ಮಾನದಂಡ ಹೇಳುತ್ತದೆ. ಮಾರ್ಕ್ಸ್ ಹೋಗುವುದು ಅಲ್ಲೇ.

ಇದಕ್ಕೆ ನಾನು ಮಾಡುವ ಪರೀಕ್ಷೆ ಒಂದಿದೆ. 13,000 ಬಂದ ಮೇಲೆ ಹೆಚ್ಚುವರಿ ಮಾಹಿತಿಗೆ ವಾಪಸ್ ಹೋಗಿ ಪ್ರತಿ ಅಂಕಿಯ ಮೇಲೂ ಪೆನ್ಸಿಲ್ ಇಟ್ಟು, ಇದು ನನ್ನ ಉತ್ತರದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುತ್ತೇನೆ. 70,000 ಎರಡು ಕಡೆ ಇರಬೇಕು, ಲಾಭಕ್ಕೆ ಸೇರಿಸಿದಲ್ಲಿ ಮತ್ತು ಯಂತ್ರದ ಖಾತೆಯಲ್ಲಿ. 24,000 ಹೂಡಿಕೆಯಲ್ಲಿ, ಅದರ ಜೊತೆಯ 6,000 ಕಾರ್ಯಾಚರಣೆಯಲ್ಲಿ. 42,000 ಲಾಭ ಕಟ್ಟುವಲ್ಲಿ ಮತ್ತು ತೆರಿಗೆಯ ಖಾತೆಯಲ್ಲಿ. 50,000 ಲಾಭಾಂಶ ಲಾಭ ಕಟ್ಟುವಲ್ಲಿ ಮತ್ತು ಹಣಕಾಸಿನಲ್ಲಿ. ಶೀಟಿನಲ್ಲಿ ಶೇಕಡಾ ಗುರುತು ಇರುವ ಯಾವ ಸಾಲು ಕಂಡರೂ ಅದರ ಬಡ್ಡಿ ಎರಡು ಕಡೆ ಇರಬೇಕು. 60,000 ಲಾಭಾಂಶ ಎಲ್ಲೂ ಇರಬಾರದು.

ಒಪ್ಪಿಸುವಾಗ ಆ ಖಾಲಿ ಹಾಳೆಯ ಖಾತೆಗಳನ್ನು ಚೆನ್ನಾಗಿ ಬರೆದು, ಪೂರಕ ಲೆಕ್ಕ 1, 2, 3 ಎಂದು ಹೆಸರಿಟ್ಟು ಉತ್ತರದ ಜೊತೆ ಸೇರಿಸಿ: ತೆರಿಗೆಗೆ ಮುಂಚಿನ ಲಾಭ, ಯಂತ್ರದ ಖಾತೆ, ತೆರಿಗೆಯ ಖಾತೆ. ಸ್ಟೇಟ್‌ಮೆಂಟಿನಲ್ಲಿ 2,20,000ದ ಪಕ್ಕದಲ್ಲಿ "ಪೂರಕ ಲೆಕ್ಕ 2" ಎಂದು ಸಣ್ಣದಾಗಿ ಬರೆಯಿರಿ. ಆ ಅಂಕಿ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ತಿದ್ದುವವರು ಮೊದಲು ಹುಡುಕುವುದು ಅದು ಎಲ್ಲಿಂದ ಬಂತು ಎಂದೇ.